ಸಂಪಾದಕರ ಉತ್ತರ: ರಾತ್ರಿಯ ಕಚೇರಿ ಸಂದೇಶ ಬೆಳಗಿನವರೆಗೆ ಕಾಯಬೇಕಾದರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಿಂದಲೇ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತೇನೆ. ತಂಡದ ಅರ್ಧದಷ್ಟು ಜನ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಕಚೇರಿ ಸಂದೇಶಗಳ ಆ್ಯಪ್ ಆದ ಸ್ಲ್ಯಾಕ್‌ನಲ್ಲಿ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಮಾತ್ರ ಸದ್ದು ಬರಲಿ ಎಂದು ಸಮಯ ಹಾಕಿಟ್ಟಿದ್ದರೂ ಮೊಬೈಲ್ ರಾತ್ರಿಯೇ ಸದ್ದು ಮಾಡುತ್ತದೆ, ಹಗಲಲ್ಲಿ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಹೋದ ಕರೆಂಟು ರಾತ್ರಿ ಬಂದರಂತೂ ಎಲ್ಲವೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ತುರ್ತು ಕರೆ ತಪ್ಪಬಾರದೆಂದು ಫೋನ್ ಆಫ್ ಮಾಡುವಂತಿಲ್ಲ. ದಾರಿ ತಿಳಿಸುವಿರಾ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಪ್ರಿಯ ಓದುಗರೇ,

ಹಗಲು ಮೌನ, ರಾತ್ರಿ ಸದ್ದು ಎಂದು ನೀವು ಬರೆದಿರುವುದರಲ್ಲೇ ಮೊದಲ ತೊಂದರೆಯ ಗುರುತು ಇದೆ. ಸ್ಲ್ಯಾಕ್ ನಿಮ್ಮ ವೇಳಾಪಟ್ಟಿಯನ್ನು ಓದುವುದು ಗೋಡೆಯ ಗಡಿಯಾರ ನೋಡಿ ಅಲ್ಲ, ನಿಮ್ಮ ಖಾತೆಯಲ್ಲಿ ದಾಖಲಾಗಿರುವ ಸಮಯವಲಯವನ್ನು ನೋಡಿ. ಕಂಪನಿಯವರು ಕಳಿಸಿಕೊಟ್ಟ ಲ್ಯಾಪ್‌ಟಾಪು ಅಮೆರಿಕದ ಸಮಯಕ್ಕೆ ಹೊಂದಿಸಿದ್ದಾಗಿದ್ದರೆ ಖಾತೆಯೂ ಅದೇ ಸಮಯವನ್ನು ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಲೆಕ್ಕ ಹಾಕಿ ನೋಡಿ: ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಅಲ್ಲಿನ ಬೆಳಿಗ್ಗೆ 9 ಎಂದರೆ ನಮ್ಮ ರಾತ್ರಿ 9.30, ಅಲ್ಲಿನ ಸಂಜೆ 7 ಎಂದರೆ ನಮ್ಮ ಮರುದಿನದ ಬೆಳಿಗ್ಗೆ 7.30. ಅಂದರೆ ನೀವು ಕೆಲಸಕ್ಕೆಂದು ಹಾಕಿದ ಅವಧಿ ಹೆಚ್ಚುಕಡಿಮೆ ನಿಮ್ಮ ನಿದ್ರೆಯ ಮೇಲೆಯೇ ಬಂದು ಕೂತಿದೆ. ಲ್ಯಾಪ್‌ಟಾಪಿನ ಸ್ಲ್ಯಾಕ್‌ನಲ್ಲಿ Preferences ತೆರೆದು, Language & region ಎಂಬಲ್ಲಿ ಸಮಯವಲಯವನ್ನು ಭಾರತದ್ದಕ್ಕೆ ಬದಲಿಸಿ. ಅಲ್ಲಿಯೇ ಕಂಪ್ಯೂಟರಿನ ಸಮಯವನ್ನು ತಾನಾಗಿ ಅನುಸರಿಸುವ ಆಯ್ಕೆಯೂ ಇರುತ್ತದೆ. ಲ್ಯಾಪ್‌ಟಾಪಿನ ಗಡಿಯಾರವೇ ತಪ್ಪು ವಲಯದಲ್ಲಿದ್ದರೆ ಆ ಆಯ್ಕೆ ನಿಮ್ಮ ತಿದ್ದುಪಡಿಯನ್ನು ಮತ್ತೆ ಕೆಡಿಸುತ್ತದೆಯಾದ್ದರಿಂದ, ಮೊದಲು ಗಡಿಯಾರವನ್ನು ಸರಿಪಡಿಸಿಕೊಳ್ಳಿ.

ಇದಾದ ಮೇಲೆ Notifications ವಿಭಾಗದಲ್ಲಿರುವ ವೇಳಾಪಟ್ಟಿಯನ್ನು ಮತ್ತೊಮ್ಮೆ ನೋಡಿ. Weekdays ಎಂದು ಆರಿಸಿದರೆ ಶನಿವಾರ, ಭಾನುವಾರ ಪೂರ್ತಿ ಸದ್ದಿರುವುದಿಲ್ಲ. ಶನಿವಾರವೂ ಕೆಲಸವಿರುವವರು Custom ಆರಿಸಿ ಆ ದಿನಕ್ಕೆ ಬೇರೆ ಸಮಯ ಕೊಡಬಹುದು. ಕಂಪನಿಯದ್ದೊಂದು, ಗ್ರಾಹಕರದ್ದೊಂದು ಎಂದು ಎರಡು ವರ್ಕ್‌ಸ್ಪೇಸುಗಳಲ್ಲಿ ನೀವು ಇದ್ದರೆ ಎರಡರಲ್ಲೂ ಇದನ್ನು ಬೇರೆಬೇರೆಯಾಗಿ ಮಾಡಬೇಕು. ಬಹಳ ಜನ ಒಂದರಲ್ಲಿ ಮಾಡಿ ಇನ್ನೊಂದನ್ನು ಮರೆತಿರುತ್ತಾರೆ. ಅವಧಿ ಮುಗಿದ ಮೇಲೆ ಬಂದ ಸಂದೇಶ ಎಲ್ಲಿಗೂ ಹೋಗುವುದಿಲ್ಲ, ಓದದ ಸಂದೇಶವಾಗಿ ಅಲ್ಲಿಯೇ ಇರುತ್ತದೆ. ನಿಲ್ಲುವುದು ಸದ್ದು ಮಾತ್ರ. ಕಳುಹಿಸುವವರಿಗೆ ನಿಮ್ಮ ಹೆಸರಿನ ಪಕ್ಕದಲ್ಲಿ ನಿದ್ರೆಯ ಗುರುತು ಕಾಣುತ್ತದೆ. ನಿಮಗೆ ನೇರವಾಗಿ ಬರೆದವರಿಗೆ, ಬೇಕಾದರೆ ಈಗಲೇ ಎಚ್ಚರಿಸಿ ಎಂಬ ಆಯ್ಕೆಯನ್ನೂ ಸ್ಲ್ಯಾಕ್ ತೋರಿಸಬಹುದು. ಅದನ್ನು ಒತ್ತಿದರೆ ವೇಳಾಪಟ್ಟಿಯನ್ನು ದಾಟಿ ಸದ್ದು ಬರುತ್ತದೆ. ಆದ್ದರಿಂದ ಅಪರೂಪಕ್ಕೊಮ್ಮೆ ರಾತ್ರಿ ಫೋನ್ ಸದ್ದು ಮಾಡಿದರೆ ವೇಳಾಪಟ್ಟಿ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ.

ಸರಿಯಾಯಿತೇ ಎಂದು ತಿಳಿಯಲು ರಾತ್ರಿಯವರೆಗೆ ಕಾಯುವುದು ಬೇಡ. ಮಧ್ಯಾಹ್ನ 3 ಗಂಟೆಗೆ ಕೂತು, ವೇಳಾಪಟ್ಟಿಯನ್ನು 9ರಿಂದ 7 ಎಂದೇ ಬಿಟ್ಟು, ಸಹೋದ್ಯೋಗಿಯೊಬ್ಬರಿಗೆ ಒಂದು ಸಂದೇಶ ಕಳುಹಿಸಲು ಹೇಳಿ. ಅವರ ಪರದೆಯಲ್ಲಿ ನಿದ್ರೆಯ ಗುರುತು ಕಾಣದೆ, ನಿಮ್ಮಲ್ಲಿ ಸದ್ದು ಬಂದರೆ ಸಮಯವಲಯ ಸರಿಯಾಗಿದೆ ಎಂದರ್ಥ.

ನಿಮ್ಮ ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು, ಮಲೆನಾಡಿನ ಮಳೆಗಾಲದಲ್ಲಿ ಕೆಲಸ ಮಾಡದವರಿಗೆ ಸುಲಭವಾಗಿ ಅರ್ಥವಾಗದ್ದು. ಮೊಬೈಲಿಗೆ ಬರುವ ನೋಟಿಫಿಕೇಶನ್ ಸ್ಲ್ಯಾಕ್‌ನ ಸರ್ವರಿನಿಂದ ಹೊರಟು, ಆಂಡ್ರಾಯ್ಡ್ ಆದರೆ ಗೂಗಲ್, ಐಫೋನ್ ಆದರೆ ಆಪಲ್ ಸರ್ವರಿನ ಮೂಲಕ ನಿಮ್ಮನ್ನು ತಲುಪುತ್ತದೆ. ಸಂಜೆ 4ಕ್ಕೆ ಹೊರಟ ನೋಟಿಫಿಕೇಶನ್ ನಿಮ್ಮ ಅವಧಿಯ ಒಳಗೇ ಹೊರಟದ್ದರಿಂದ ಸ್ಲ್ಯಾಕ್ ಅದನ್ನು ತಡೆಯುವುದಿಲ್ಲ. ಆದರೆ ಆಗ ನಿಮ್ಮಲ್ಲಿ ಕರೆಂಟಿಲ್ಲ, ರೌಟರ್ ಆರಿದೆ, ಮನೆಯೊಳಗೆ ಸಿಗ್ನಲ್ಲೂ ಇಲ್ಲ. ಅಂಚೆಪೆಟ್ಟಿಗೆಗೆ ಹಾಕಿಯಾದ ಕಾಗದದಂತೆ ಅದು ನಡುದಾರಿಯಲ್ಲಿ ಕಾದಿದ್ದು, ರಾತ್ರಿ 10ಕ್ಕೆ ಫೋನ್ ಮತ್ತೆ ಸಂಪರ್ಕಕ್ಕೆ ಬಂದೊಡನೆ ಬಂದು ಬೀಳಬಹುದು. ಹಾಗೆ ಬಿದ್ದದ್ದಕ್ಕೆ ಸ್ಲ್ಯಾಕ್‌ನ ವೇಳಾಪಟ್ಟಿ ಅಡ್ಡ ಬರುತ್ತದೆಂದು ನಂಬುವಂತಿಲ್ಲ. ಬಂದ ಸಂದೇಶಗಳ ಸಮಯವನ್ನು ನೋಡಿದರೆ ಇದು ಗೊತ್ತಾಗುತ್ತದೆ: ಎಲ್ಲವೂ ಹಗಲಿನಲ್ಲೇ ಬರೆದವಾಗಿದ್ದರೆ ಕಾರಣ ಇದೇ.

ಇದಕ್ಕೆ ಫೋನಿನ ಮಟ್ಟದಲ್ಲಿ ಇನ್ನೊಂದು ಬಾಗಿಲು ಹಾಕಬೇಕು, ಏಕೆಂದರೆ ಫೋನು ನೋಡುವುದು ಸಂದೇಶ ಹೊರಟ ಸಮಯವನ್ನಲ್ಲ, ಬಂದು ಮುಟ್ಟಿದ ಸಮಯವನ್ನು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ Settings ಒಳಗಿನ Digital Wellbeing ಎಂಬಲ್ಲಿ Focus mode ಸಿಗುತ್ತದೆ. ಅದರಲ್ಲಿ ಸ್ಲ್ಯಾಕ್ ಮತ್ತು ಕಚೇರಿಯ ಮೇಲ್ ಆ್ಯಪುಗಳನ್ನು ಮಾತ್ರ ಆರಿಸಿ, ಸಂಜೆ 7ರಿಂದ ಬೆಳಿಗ್ಗೆ 9ರವರೆಗೆ ವೇಳೆ ಕೊಡಿ. ಆ ಅವಧಿಯಲ್ಲಿ ಆ ಆ್ಯಪುಗಳ ನೋಟಿಫಿಕೇಶನ್ ತಡೆಹಿಡಿಯಲ್ಪಟ್ಟು, ಅವಧಿ ಮುಗಿದ ಮೇಲೆ ಕಾಣಿಸಿಕೊಳ್ಳುತ್ತವೆ. ಐಫೋನಿನಲ್ಲಿ Focus ಎಂಬಲ್ಲಿ ಹೊಸದೊಂದನ್ನು ಮಾಡಿ, ಇಂಥ ಆ್ಯಪುಗಳನ್ನು ಮಾತ್ರ ಸುಮ್ಮನಿರಿಸು ಎಂಬ ಆಯ್ಕೆಯನ್ನು ಬಳಸಿ. ಇಡೀ ಫೋನನ್ನು ಸುಮ್ಮನಾಗಿಸುವ Do Not Disturb ಬದಲು ಇದನ್ನೇ ಸೂಚಿಸಲು ಕಾರಣ, ನೀವು ಕೇಳಿದ ತುರ್ತು ಕರೆಗಳು. ಆರಿಸಿದ ಆ್ಯಪುಗಳು ಮಾತ್ರ ಸುಮ್ಮನಾದರೆ ಫೋನ್ ಕರೆ ಎಂದಿನಂತೆ ರಿಂಗ್ ಆಗುತ್ತದೆ.

ಆದರೆ ಕರೆಯಾದರೂ ನಿಮ್ಮನ್ನು ತಲುಪಬೇಕಲ್ಲವೇ? ಸರ್ವರ್ ನಿಂತರೆ ಫೋನ್ ಮಾಡಿ ಎಂದು ತಂಡಕ್ಕೆ ಹೇಳಿ, ಜಗಲಿಗೆ ಹೋಗದೆ ಸಿಗ್ನಲ್ ಸಿಗದ ಮನೆಯಲ್ಲಿ ಮಲಗಿದರೆ ಆ ಮಾತಿಗೆ ಬೆಲೆಯಿಲ್ಲ. ನಿಮ್ಮ ಸಿಮ್‌ನಲ್ಲಿ ವೈಫೈ ಮೂಲಕ ಕರೆ ಬರುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿ, ರೌಟರಿನ ಪ್ಲಗ್ಗನ್ನು ಇನ್ವರ್ಟರಿನ ಲೈನಿಗೆ ಹಾಕಿಸಿ. ಊರಿನ ಫೈಬರ್ ಲೈನೇ ಮರ ಬಿದ್ದು ಕಡಿದ ರಾತ್ರಿ ಇದೂ ಕೆಲಸ ಮಾಡುವುದಿಲ್ಲ. ಹಾಗಾಗಿ ಸರ್ವರ್ ನೋಡಿಕೊಳ್ಳುವ ಸರದಿ ನಿಮ್ಮದಾಗಿರುವ ವಾರದಲ್ಲಿ, ನೀವು ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕೆಂದು ಎರಡನೆಯ ಹೆಸರೊಂದನ್ನು ತಂಡದಲ್ಲಿ ಮೊದಲೇ ಗೊತ್ತುಮಾಡಿಡಿ. ಆಷಾಢದ ವಾರಗಳಲ್ಲಿ ಆ ಸರದಿಯನ್ನೇ ಬೇರೆಯವರೊಂದಿಗೆ ಬದಲಿಸಿಕೊಳ್ಳಲು ಸಾಧ್ಯವಾದರೆ ಅದು ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ತಂಡಕ್ಕೆ ವಾಟ್ಸ್ಆ್ಯಪ್ ಗುಂಪೂ ಇದ್ದರೆ ಅದನ್ನು Focus mode ಒಳಗೆ ಸೇರಿಸಬೇಡಿ. ಮನೆಯವರ ಸಂದೇಶಗಳೂ ನಿಂತುಹೋಗುತ್ತವೆ. ಆ ಗುಂಪನ್ನು ಆರ್ಕೈವ್ ಮಾಡಿದರೆ ಸಾಕು. ನಿಮ್ಮ ಹೆಸರು ಹಿಡಿದು ಕೂಗಿದರೆ ಅಥವಾ ನಿಮ್ಮ ಸಂದೇಶಕ್ಕೆ ಉತ್ತರಿಸಿದರೆ ಮಾತ್ರ ಸದ್ದು ಬರುತ್ತದೆ.

ಕೊನೆಯದಾಗಿ, ಇದರಲ್ಲಿ ಕಳುಹಿಸುವವರು ಮಾಡಬಹುದಾದ ಕೆಲಸವೂ ಒಂದಿದೆ. ಕಳುಹಿಸುವ ಗುಂಡಿಯ ಪಕ್ಕದ ಬಾಣದ ಗುರುತನ್ನು ಒತ್ತಿ, ಸಂದೇಶ ಹೊರಡುವ ಸಮಯವನ್ನು ಮುಂದಕ್ಕೆ ಹಾಕಲು ಕ್ಯಾಲಿಫೋರ್ನಿಯಾದ ಗೆಳೆಯರಿಗೆ ತಿಳಿಸಿ. ಅವರು ಹಾಕುವುದು ಅವರ ಸಮಯದಲ್ಲಿ. ನಿಮಗೆ ಬೆಳಿಗ್ಗೆ 9ಕ್ಕೆ ಸಿಗಬೇಕಾದರೆ ಅವರು ಹಿಂದಿನ ದಿನದ ರಾತ್ರಿ 8.30 ಎಂದು ಹಾಕಬೇಕು. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಅಂದಿನಿಂದ ಮಾರ್ಚಿನ ಎರಡನೆಯ ಭಾನುವಾರದವರೆಗೆ ಅದು 7.30 ಆಗುತ್ತದೆ. ನಿಮ್ಮ ಕಡೆಯ ವೇಳಾಪಟ್ಟಿ ಭಾರತದ ಸಮಯದಲ್ಲಿರುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ.

— ಸಂಪಾದಕ