ಕಾದ ಪವರ್ ಬ್ಯಾಂಕ್: ಬೆಂಕಿ ಆರಿದ ಮೇಲೂ ನಾವು ನೀರು ಸುರಿಯೋದು ಯಾಕೆ

ಪ್ರಶ್ನೆ: ವಿಮಾನ ಹಾರುತ್ತಿರುವಾಗ ಯಾರದ್ದಾದರೂ ಲ್ಯಾಪ್‌ಟಾಪ್ ಅಥವಾ ಪವರ್ ಬ್ಯಾಂಕ್ ಸಿಕ್ಕಾಪಟ್ಟೆ ಬಿಸಿಯಾದರೆ ಕ್ಯಾಬಿನ್ ಕ್ರ್ಯೂ ಏನು ಮಾಡ್ತಾರೆ? ಪಕ್ಕದಲ್ಲಿ ಕೂತವರು ಏನು ಮಾಡಬೇಕು?

ಹಲವು ವರ್ಷದಿಂದ ಕ್ಯಾಬಿನ್ ಕ್ರ್ಯೂ ಆಗಿ ಕೆಲಸ ಮಾಡ್ತಿದ್ದೇನೆ. ತರಬೇತಿಯಲ್ಲಿ ಇದನ್ನು ಪ್ರತಿ ವರ್ಷ ಮಾಡಿಸ್ತಾರೆ. ನಿಜವಾದ ಹಾರಾಟದಲ್ಲಿ ನನಗೆ ಎದುರಾಗಿದ್ದು ಒಂದೇ ಸಲ. ಅದನ್ನೇ ಹೇಳ್ತೀನಿ, ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಊಟದ ತಟ್ಟೆಗಳನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೆವು. ಹಿಂದಿನ ಸಾಲೊಂದರಿಂದ ಬೆಲ್ ಬಂತು. ಹತ್ತಿರ ಹೋಗುವಷ್ಟರಲ್ಲೇ ಮೂಗಿಗೆ ಒಂದು ವಾಸನೆ ಬಡಿಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಅಲ್ಲ. ಉಗುರುಬಣ್ಣ ಅಳಿಸುವ ದ್ರಾವಣ ಇರುತ್ತಲ್ಲ, ಆ ಥರ ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಬ್ಯಾಟರಿಯೊಳಗಿನ ದ್ರವ ಆವಿಯಾಗಿ ಹೊರಗೆ ಬರುವಾಗ ಹೀಗೆ ವಾಸನೆ ಬರುತ್ತದೆ. ಕಿಟಕಿ ಪಕ್ಕ ಕೂತಿದ್ದ ಹುಡುಗ ಸೀಟಿನ ಮುಂದಿನ ಜೇಬಿನಲ್ಲಿ ಪವರ್ ಬ್ಯಾಂಕ್ ಇಟ್ಟು ಫೋನ್ ಚಾರ್ಜ್ ಮಾಡ್ತಿದ್ದ. ಬೆಲ್ ಒತ್ತಿದ್ದು ಅವನಲ್ಲ, ನಡುವಿನ ಸೀಟಿನ ಹೆಂಗಸು. "ಅದು ಉಬ್ಬಿಕೊಂಡಿದೆ ನೋಡಿ, ಮುಟ್ಟೋಕಾಗ್ತಿಲ್ಲ" ಅಂದರು.

ನಾನು ಮೊದಲು ಹೇಳಿದ್ದು "ಮುಟ್ಟಬೇಡಿ, ಎದ್ದು ಈಚೆ ಬನ್ನಿ" ಅಂತ. ಮೂರೂ ಜನ ಎದ್ದು ಹೊರಬರುವಷ್ಟರಲ್ಲಿ ಜೇಬಿನಿಂದ ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುತ್ತಲ್ಲ, ಅಂಥ ಬುಸ್ಸೆನ್ನುವ ಸದ್ದು ಬಂತು. ಹಿಂದೆಯೇ ದಟ್ಟ ಬಿಳಿ ಹೊಗೆ, ಆಮೇಲೆ ಬೆಂಕಿ. ಇದೆಲ್ಲ ಆಗಿದ್ದು ಕೆಲವೇ ಸೆಕೆಂಡಿನಲ್ಲಿ.

ಇಂಥ ಹೊತ್ತಿನಲ್ಲಿ ನಾವು ಮೂವರಾಗಿ ಕೆಲಸ ಹಂಚಿಕೊಳ್ತೇವೆ. ಬೆಂಕಿ ನೋಡಿದ ಮೊದಲಿಗರೇ ಅದನ್ನು ಆರಿಸಬೇಕು, ಬೇರೆಯವರಿಗಾಗಿ ಕಾಯುವಂತಿಲ್ಲ. ಎರಡನೆಯವರು ಪೈಲಟ್‌ಗಳಿಗೆ ಇಂಟರ್‌ಫೋನ್‌ನಲ್ಲಿ ಸುದ್ದಿ ಕೊಡ್ತಾರೆ: ಯಾವ ಸಾಲು, ಏನು ಉರೀತಿದೆ, ಹೊಗೆಯ ಬಣ್ಣ ಏನು, ನಾವು ಏನು ಮಾಡ್ತಿದ್ದೇವೆ. ಮೂರನೆಯವರು ಇನ್ನೊಂದು ಅಗ್ನಿಶಾಮಕ, ಹೊಗೆಯಲ್ಲೂ ಉಸಿರಾಡಲು ತಲೆಗೆ ಹಾಕಿಕೊಳ್ಳುವ ಸ್ಮೋಕ್ ಹುಡ್, ಕೈಗವಸು, ನೀರು ಎಲ್ಲ ತಂದು ಕೊಡ್ತಾ, ಸುತ್ತಲಿನ ಜನರನ್ನು ಎಬ್ಬಿಸಿ ದೂರ ಕಳಿಸ್ತಾರೆ. ಪೈಲಟ್‌ಗಳ ಜೊತೆ ಮಾತು ಕೊನೇತನಕ ನಿಲ್ಲುವುದಿಲ್ಲ. ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾ ಬೇಡವಾ ಅನ್ನುವುದನ್ನು ಅವರು ನಮ್ಮ ಮಾತಿನ ಮೇಲೇ ನಿರ್ಧರಿಸಬೇಕು. ಅವರ ಕಣ್ಣಿಗೆ ಕ್ಯಾಬಿನ್ ಕಾಣುವುದಿಲ್ಲ, ಅಲ್ವಾ?

ಬೆಂಕಿ ಆರಿಸುವ ಹ್ಯಾಲಾನ್ ಅನಿಲದ ಬಾಟಲಿಯಿಂದ ಹೊಡೆದೆವು. ಉರಿ ತಕ್ಷಣ ಆರಿತು. ಹಿಂದಿನ ಸಾಲಿನಲ್ಲಿ ಕೆಲವರು ಚಪ್ಪಾಳೆ ಕೂಡ ತಟ್ಟಿದರು. ಆದರೆ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ, ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ.

ಹ್ಯಾಲಾನ್ ಉರಿಯನ್ನು ನಿಲ್ಲಿಸುತ್ತದೆ, ಬ್ಯಾಟರಿಯನ್ನು ತಣ್ಣಗೆ ಮಾಡುವುದಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಕೆಟ್ಟರೆ ಅದರೊಳಗಿನ ರಾಸಾಯನಿಕ ಕ್ರಿಯೆಯೇ ಶಾಖ ಹುಟ್ಟಿಸುತ್ತದೆ. ಆ ಶಾಖ ಕ್ರಿಯೆಯನ್ನು ಇನ್ನೂ ಜೋರು ಮಾಡುತ್ತದೆ. ಇದಕ್ಕೆ ಥರ್ಮಲ್ ರನ್‌ಅವೇ ಅಂತಾರೆ. ಶಾಖ ಪಕ್ಕದ ಸೆಲ್‌ಗೆ ದಾಟಿತು ಅಂದರೆ ಅದೂ ಹೊತ್ತಿಕೊಳ್ಳುತ್ತದೆ. ಆ ಹುಡುಗನದ್ದು 20,000 ಎಂಎಎಚ್ ಪವರ್ ಬ್ಯಾಂಕ್, ಒಳಗೆ ಎರಡು ದಪ್ಪ ಸೆಲ್ ಇದ್ದವು. ಹೊತ್ತಿದ್ದು ಒಂದು. ಇನ್ನೊಂದು ಅದಕ್ಕೇ ಅಂಟಿಕೊಂಡು ಕೂತಿತ್ತು.

ಹಾಗಾಗಿ ಉರಿ ಆರಿದ ಕೂಡಲೇ ನೀರು. ವಿಮಾನದ ಅಡುಗೆ ಜಾಗವಾದ ಗ್ಯಾಲಿಯಲ್ಲಿದ್ದ ನೀರಿನ ಬಾಟಲಿಗಳನ್ನು ಒಂದಾದ ಮೇಲೊಂದು ಕೈ ದಾಟಿಸಿ ತಂದರು. ಜೇಬಿನೊಳಗೆ ನಿಧಾನಕ್ಕೆ, ನಿಲ್ಲಿಸದೆ ಸುರಿದೆ. ಮೊದಲ ಬಾಟಲಿಯ ನೀರು ತಗುಲಿದಾಗ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ ಅಂತು. ಎರಡನೇ ಬಾಟಲಿ ಅರ್ಧಕ್ಕೆ ಬಂದಾಗ ಮತ್ತೊಮ್ಮೆ ಬುಸ್ಸೆಂದು ಹೊಗೆ ಬಂತು. ಎರಡನೇ ಸೆಲ್ಲೂ ಹೋಗಿತ್ತು. ಆದರೆ ಅಷ್ಟರಲ್ಲಿ ಸುತ್ತಲೂ ನೆನೆದಿದ್ದರಿಂದ ಈ ಸಲ ಉರಿ ಏಳಲಿಲ್ಲ. ಸುರಿಯುತ್ತಲೇ ಇದ್ದೆವು.

ಆಗ ಒಬ್ಬ ಹಿರಿಯರು ಕೂಗಿದರು, "ಕರೆಂಟಿನ ವಸ್ತುವಿಗೆ ನೀರು ಹಾಕ್ತೀರಾ!" ಅಂತ. ಅವರ ಆತಂಕ ತಪ್ಪಲ್ಲ. ಮನೆಯಲ್ಲಿ ಪ್ಲಗ್ಗಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅಂತ ನಾವೆಲ್ಲ ಕಲಿತದ್ದೇ ಹಾಗೆ. ಪವರ್ ಬ್ಯಾಂಕಿನ ವಿಷಯ ಬೇರೆ. ಅದರಲ್ಲಿ ಗೋಡೆಯ ಪ್ಲಗ್ಗಿನಷ್ಟು ವೋಲ್ಟೇಜ್ ಇರುವುದಿಲ್ಲ, ಇಲ್ಲಿ ನಮ್ಮ ಶತ್ರು ಶಾಖ. ಆದರೂ ನೀರು ಹಾಕುವ ಮೊದಲು ಅಥವಾ ಜೊತೆಜೊತೆಗೇ ಆ ಸೀಟುಗಳ ಚಾರ್ಜಿಂಗ್ ಪಾಯಿಂಟ್‌ಗಳ ಕರೆಂಟ್ ಆಫ್ ಮಾಡ್ತೇವೆ. ನೀರು ಸಾಲದೇ ಹೋದರೆ ಜ್ಯೂಸ್, ಸೋಡಾ ಏನಾದರೂ ಆಗುತ್ತದೆ, ಮದ್ಯ ಒಂದನ್ನು ಬಿಟ್ಟು. ಐಸ್ ಮಾತ್ರ ಹಾಕುವುದಿಲ್ಲ. ತಣ್ಣಗಿದೆಯಲ್ಲ ಅಂತ ಅನ್ನಿಸುತ್ತದೆ. ಆದರೆ ಐಸ್ ಮೇಲೆ ಮುಚ್ಚಿಕೊಂಡು ಕೂತು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಕಂಬಳಿ ಹೊದಿಸುವುದೂ ಇದೇ ಕಾರಣಕ್ಕೆ ತಪ್ಪು. ಜೊತೆಗೆ ಕಂಬಳಿ ತಾನೇ ಉರಿಯಬಹುದು.

ಇನ್ನೊಂದು ವಿಷಯ ಜನರಿಗೆ ಅರ್ಥ ಆಗುವುದು ಕಷ್ಟ. ಉರಿಯುತ್ತಿರುವ ಅಥವಾ ಹೊಗೆಯಾಡುತ್ತಿರುವ ವಸ್ತುವನ್ನು ನಾವು ಎತ್ತಿಕೊಂಡು ಟಾಯ್ಲೆಟ್ಟಿಗೋ ಗ್ಯಾಲಿಗೋ ಓಡುವುದಿಲ್ಲ. ಇದ್ದಲ್ಲೇ ಆರಿಸಿ, ಇದ್ದಲ್ಲೇ ತಣಿಸುತ್ತೇವೆ. ದಾರಿಯಲ್ಲಿ ಅದು ಸಿಡಿದರೆ ಹಿಡಿದವರ ಕೈ, ಮುಖ ಸುಡುತ್ತದೆ. ಉರಿಯುವ ಚೂರು ಎರಡೂ ಕಡೆ ಕೂತವರ ಮೇಲೆ ಬೀಳುತ್ತದೆ. ಹುಡುಗ ಗಾಬರಿಯಲ್ಲಿ ಜೇಬಿಗೆ ಕೈ ಹಾಕಲು ಹೋಗಿದ್ದ. ನಡುವಿನ ಸೀಟಿನವರು ಅವನ ಮುಂಗೈ ಹಿಡಿದು ಎಳೆದುಕೊಂಡರು. ಆ ಒಂದು ಎಳೆತಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಹೊಗೆ ಕಂಡಾಗ ಹಲವರು "ಆಕ್ಸಿಜನ್ ಮಾಸ್ಕ್ ಯಾಕೆ ಬೀಳಿಸ್ತಿಲ್ಲ?" ಅಂತ ಕೇಳಿದರು. ಆ ಮಾಸ್ಕ್ ಗಾಳಿಯ ಒತ್ತಡ ಕಡಿಮೆಯಾದಾಗ ಬಳಸಲು ಇರುವುದು. ಅದು ಆಕ್ಸಿಜನ್ ಜೊತೆ ಕ್ಯಾಬಿನ್ನಿನ ಗಾಳಿಯನ್ನೂ ಬೆರೆಸಿ ಕೊಡುತ್ತದೆ. ಹಾಗಾಗಿ ಹೊಗೆಯಿಂದ ಕಾಪಾಡುವುದಿಲ್ಲ. ಬೆಂಕಿ ಇರುವ ಕಡೆ ಆಕ್ಸಿಜನ್ ಬಿಡುವುದೂ ಒಳ್ಳೆಯದಲ್ಲ. ಅದಕ್ಕೆ ಬದಲು ತಲೆ ತಗ್ಗಿಸಿ, ಬಟ್ಟೆಯನ್ನು ಮೂಗು ಬಾಯಿಗೆ ಹಿಡಿದುಕೊಳ್ಳಿ ಅಂತ ಹೇಳಿದೆವು. ಒದ್ದೆ ಬಟ್ಟೆಯಾದರೆ ಇನ್ನೂ ಒಳ್ಳೆಯದು. ನಾವು ಹಾಕಿಕೊಳ್ಳುವ ಸ್ಮೋಕ್ ಹುಡ್ ಬೇರೆ, ಅದಕ್ಕೆ ತನ್ನದೇ ಆಕ್ಸಿಜನ್ ಇರುತ್ತದೆ. ಅದೂ ಸುಮಾರು 15 ನಿಮಿಷ ಅಷ್ಟೇ.

ನನಗೆ ತುಂಬ ಕಷ್ಟ ಕೊಟ್ಟದ್ದು ಬೆಂಕಿಗಿಂತ ಜಾಸ್ತಿ ಓಣಿಯಲ್ಲಿ ನಿಂತ ಜನ. ಕೆಲವರು ವಿಡಿಯೊ ಮಾಡಲು ಮುಂದೆ ಬಂದರು. ಒಬ್ಬರು ಮೇಲಿನ ಬಿನ್ ತೆಗೆದು ತಮ್ಮ ಬ್ಯಾಗ್ ಇಳಿಸಿಕೊಳ್ಳಲು ನೋಡಿದರು. ಎರಡನೇ ಅಗ್ನಿಶಾಮಕ ಹಿಡಿದು ಬರುತ್ತಿದ್ದ ನನ್ನ ಸಹೋದ್ಯೋಗಿ ಅವರ ಹಿಂದೆ ಸಿಕ್ಕಿಕೊಂಡರು. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ: ನಾವು ಹೇಳಿದ ಕಡೆ ಸರಿದು ಕೂತುಬಿಡಿ, ಓಣಿ ಖಾಲಿ ಬಿಡಿ. ನೀರಿನ ಬಾಟಲಿ ಕೇಳಿದರೆ ಕೈ ದಾಟಿಸಿ ಕೊಡಿ.

ಆಮೇಲೆ ಮಾತಾಡುವಾಗ ಆ ಹುಡುಗ ಹೇಳಿದ, ಪವರ್ ಬ್ಯಾಂಕ್ ಬಿಸಿಯಾಗಲು ಶುರುವಾಗಿ ಸುಮಾರು ಕಾಲು ಗಂಟೆ ಆಗಿತ್ತಂತೆ. ಸುಮ್ನೆ ಯಾಕೆ ಗಲಾಟೆ, ಬೈತಾರೇನೋ ಅಂತ ಕೈಯಿಂದ ತೆಗೆದು ಜೇಬಿಗೆ ಹಾಕಿದ್ದ. ಕೇಬಲ್ ಕೂಡ ಕಿತ್ತಿರಲಿಲ್ಲ. ನಾವು ಯಾರನ್ನೂ ಬೈಯುವುದಿಲ್ಲ. ಆ ಕಾಲು ಗಂಟೆ ನಮಗೆ ಸಿಕ್ಕಿದ್ದರೆ ಕೇಬಲ್ ಕಿತ್ತು, ಅದನ್ನು ಕಣ್ಣಿಗೆ ಕಾಣುವ ಕಡೆ ಇಟ್ಟು, ಪಕ್ಕದಲ್ಲೇ ನೀರು ಇಟ್ಟುಕೊಂಡು ಕಾಯಬಹುದಿತ್ತು. ಸುತ್ತಲಿನ ಸೀಟುಗಳನ್ನು ಮೊದಲೇ ಖಾಲಿ ಮಾಡಬಹುದಿತ್ತು.

ಲ್ಯಾಪ್‌ಟಾಪ್ ಕೆಲಸ ಮಾಡುವಾಗ ಬಿಸಿಯಾಗುವುದು ಮಾಮೂಲು, ತೊಡೆಯ ಮೇಲೆ ಕಂಬಳಿ ಹಾಕಿ ಇಟ್ಟುಕೊಂಡರೆ ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ಹೆದರಬೇಕಿಲ್ಲ. ಆಫ್ ಮಾಡಿ ಚಾರ್ಜರ್ ಕಿತ್ತು ಟ್ರೇ ಮೇಲೆ ಇಡಿ. ಆಮೇಲೂ ಬಿಸಿ ಏರುತ್ತಲೇ ಇದ್ದರೆ, ಕೀಬೋರ್ಡ್ ಅಥವಾ ತಳ ಉಬ್ಬಿ ಎದ್ದಿದ್ದರೆ, ನಾನು ಹೇಳಿದ ಆ ವಾಸನೆ ಬಂದರೆ, ಬುಸುಗುಟ್ಟಿದರೆ, ಅದು ಬ್ಯಾಟರಿಯದ್ದೇ ತೊಂದರೆ. ಬ್ಯಾಗಿಗೆ ಹಾಕಬೇಡಿ, ದೂರ ಸರಿದು ಬೆಲ್ ಒತ್ತಿ. ಹೊಗೆ ಬಂದಿದ್ದರೆ ಬೆಲ್ ಒತ್ತಿ ಕೂರಬೇಡಿ, ಜೋರಾಗಿ ಕೂಗಿ. ಫೋನ್ ಸೀಟಿನ ಸಂದಿಗೆ ಬಿದ್ದಾಗಲೂ ನಮ್ಮನ್ನೇ ಕರೆಯಿರಿ. ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಿದರೆ ಫೋನ್ ನಜ್ಜುಗುಜ್ಜಾಗಿ ಅದರ ಬ್ಯಾಟರಿಯೂ ಹೀಗೇ ಹೊತ್ತಿಕೊಳ್ಳಬಹುದು.

ನಮ್ಮ ಅದೃಷ್ಟಕ್ಕೆ ಅದು ಕಣ್ಣೆದುರು ಇತ್ತು. ಮೇಲಿನ ಬಿನ್ನಿನಲ್ಲಿ ಬ್ಯಾಗುಗಳ ನಡುವೆ ಇದ್ದಿದ್ದರೆ ಗೊತ್ತಾಗುವ ಹೊತ್ತಿಗೆ ಅಕ್ಕಪಕ್ಕದ ಸಾಮಾನೂ ಹತ್ತಿಕೊಂಡಿರುತ್ತಿತ್ತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿದ್ದಿದ್ದು ಮೇಲಿನ ಬಿನ್ನಿನಿಂದಲೇ. ಪವರ್ ಬ್ಯಾಂಕ್ ಮೇಲೆಯೇ ಅನುಮಾನ ಬಂತು. ವಿಮಾನ ಇನ್ನೂ ನೆಲದ ಮೇಲಿತ್ತು, 176 ಜನರೂ ಜೀವಸಹಿತ ಹೊರಬಂದರು. ವಿಮಾನ ಮಾತ್ರ ಉಳಿಯಲಿಲ್ಲ. ಆ ವರ್ಷ ಮಾರ್ಚ್‌ನಿಂದ ಕೊರಿಯಾ, ಪವರ್ ಬ್ಯಾಂಕನ್ನು ಬಿನ್ನಿನಲ್ಲಿ ಇಡಬಾರದು, ಹತ್ತಿರವೇ ಇಟ್ಟುಕೊಳ್ಳಬೇಕು ಅಂತ ನಿಯಮ ಮಾಡಿತು. ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ ಅಂತ ಎಲ್ಲ ಕಡೆ ಹೇಳುವುದೂ ಇದಕ್ಕೇ. ಕಾರ್ಗೋದಲ್ಲಿ ಹೊತ್ತಿದರೆ ಹೋಗಿ ನೀರು ಸುರಿಯುವವರು ಯಾರೂ ಇಲ್ಲ.

ನಮ್ಮ ವಿಮಾನದಲ್ಲಿ ನೀರು ಸುರಿದಾದ ಮೇಲೆ ಸುಮಾರು 15 ನಿಮಿಷ ಅದನ್ನು ಮುಟ್ಟದೆ ನೋಡುತ್ತಾ ನಿಂತೆವು. ಹೊಗೆ ಇಲ್ಲ, ಸದ್ದಿಲ್ಲ, ನೀರು ಆವಿಯಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ದಪ್ಪ ಕೈಗವಸು ಹಾಕಿ ಎತ್ತಿದೆ. ಗ್ಯಾಲಿಯ ಒಂದು ಡಬ್ಬಿಗೆ ನೀರು ತುಂಬಿ ಅದರಲ್ಲಿ ಪೂರ್ತಿ ಮುಳುಗಿಸಿ, ಹಿಂದಿನ ಟಾಯ್ಲೆಟ್ಟಿನಲ್ಲಿ ಅಲುಗದ ಹಾಗೆ ಇಟ್ಟೆವು. ಕೆಲವು ಕಂಪನಿಗಳು ಇದಕ್ಕೇ ಅಂತ ಬೆಂಕಿ ತಡೆಯುವ ಚೀಲ ಕೊಟ್ಟಿರುತ್ತವೆ. ಆ ಟಾಯ್ಲೆಟ್ ಬಂದ್. ಇಳಿಯುವ ತನಕ ಒಬ್ಬರಲ್ಲ ಒಬ್ಬರು ಬಾಗಿಲ ಬಳಿ ನಿಂತು, ಆಗಾಗ ಒಳಗೆ ಇಣುಕಿ ನೋಡುತ್ತಿದ್ದೆವು. ನೆನೆದ ಸೀಟನ್ನೂ ಕೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡಿದೆವು, ಒಳಗಿನ ಫೋಮ್‌ನಲ್ಲಿ ಕಿಡಿ ಉಳಿದಿರಬಹುದಲ್ಲ.

ಪೈಲಟ್‌ಗಳು ದಾರಿ ಬದಲಿಸಿ ಹತ್ತಿರದ ನಿಲ್ದಾಣದಲ್ಲಿ ಇಳಿಸಿದರು. ಬಾಗಿಲು ತೆಗೆದ ಕೂಡಲೇ ಅಗ್ನಿಶಾಮಕ ದಳದವರು ಬಂದು ಡಬ್ಬಿಯನ್ನು ನೀರಿನ ಸಮೇತ ತೆಗೆದುಕೊಂಡು ಹೋದರು. ನಡುವಿನ ಸೀಟಿನವರು ಇಳಿಯುವಾಗ "ನಾನು ಇನ್ನೂ ಐದು ನಿಮಿಷ ಮುಂಚೆ ಬೆಲ್ ಒತ್ತಬೇಕಿತ್ತು ಅಲ್ವಾ?" ಅಂತ ಕೇಳಿದರು. ಹೌದು ಅಂದೆ. ಆದರೂ ಒತ್ತಿದ್ದು ಅವರೊಬ್ಬರೇ, ಅದನ್ನೂ ಹೇಳಿದೆ.