ನಂದಿ ಬೆಟ್ಟದ ಗುಂಪು ಫೋಟೊ: ಹೆಸರು ಹೊಂದಿಸುವುದು

"ಫೋಟೊದ ಹಿಂಬದಿಯಲ್ಲಿ 'ನಂದಿ, 1927, ಗಾಂಧೀಜಿ' ಅಂತಿದೆ, ಎಡದಿಂದ ಹೆಸರುಗಳೂ ಇವೆ. ನಮ್ಮ ತಾತ ಯಾರು ಅಂತ ತಿಳಿಯೋದು ಹೇಗೆ?"

ಮೊದಲು ವರ್ಷ ನೋಡಿ ಸರ್. ಗಾಂಧೀಜಿ ನಂದಿಯಲ್ಲಿ 1927ರಲ್ಲೂ ತಂಗಿದ್ದರು, 1936ರಲ್ಲೂ ತಂಗಿದ್ದರು. ಬರಹ ಆಮೇಲೆ ನೆನಪಿನಿಂದ ಬರೆದದ್ದಾಗಿರಬಹುದು. ಸರ್ದಾರ್ ಪಟೇಲರು ಜೊತೆಗಿದ್ದದ್ದು 1936ರಲ್ಲಿ. ಅವರ ಮುಖ ಕಂಡರೆ ಅಲ್ಲಿ ಬರೆದ 1927 ಅನುಮಾನವೇ.

ಆಮೇಲೆ ಕೋಟು, ಅಂಗಿಗಳ ಎದೆಯ ಜೇಬು ನೋಡಿ. ಅದು ತೊಟ್ಟವರ ಎಡಕ್ಕಿರಬೇಕು. ಎಲ್ಲರದ್ದೂ ಬಲಕ್ಕಿದ್ದರೆ ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದಾರೆ. ಆಗ ಹೆಸರುಗಳನ್ನು ಬಲದಿಂದಲೂ ಎಣಿಸಿ ನೋಡಿ.

ಸಾಲಿನಲ್ಲಿ ಒಂಬತ್ತು ಮುಖ, ಎಂಟೇ ಹೆಸರು ಇದ್ದರೆ ಸುಮ್ನೆ ಎಣಿಸಬೇಡಿ. ಗೊತ್ತಿರುವ ಇಬ್ಬರನ್ನು ಗುರುತಿಸಿ, ನಡುವಿನವರನ್ನು ಮಾತ್ರ ಎಣಿಸಿ. ಕೊನೆಗೆ ತಾತನ ಮದುವೆ ಫೋಟೊ ಇಟ್ಟು ಕಿವಿಯ ಆಕಾರ ಹೋಲಿಸಿ. ಮೀಸೆ, ಪೇಟ ಬದಲಾಗುತ್ತವೆ, ಕಿವಿ ಅಷ್ಟು ಬದಲಾಗಲ್ಲ. ಕಿವಿ ಹೊಂದದಿದ್ದರೆ ಹೆಸರು ಹೊಂದಿದರೂ ನಾನು ಒಪ್ಪಲ್ಲ.