ಇಂಪಲ್ಸ್ ಅಷ್ಟೇ ಇರುತ್ತದೆ, ಬಲ ತಗ್ಗುತ್ತದೆ

"ಏರ್‌ಬ್ಯಾಗ್ ಇದ್ದರೆ ಇಂಪಲ್ಸ್ ಕಡಿಮೆ ಆಗುತ್ತಾ? ಗ್ರಾಫ್‌ನಲ್ಲಿ ಏನು ಬದಲಾಗುತ್ತೆ?"

ಇಲ್ಲ, ಇಂಪಲ್ಸ್, ಅಂದರೆ ಸರಾಸರಿ ಬಲವನ್ನು ಅದು ತಾಗುವ ಕಾಲದಿಂದ ಗುಣಿಸಿದ್ದು, ಕಡಿಮೆ ಆಗುವುದಿಲ್ಲ. ನಮ್ಮ ತುಮಕೂರು ಹೆದ್ದಾರಿಯಲ್ಲೇ ಒಂದು ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 15 ಮೀಟರ್, ಹೋಗಿ ನಿಂತ ಲಾರಿಗೆ ಗುದ್ದಿತು ಅಂದುಕೊಳ್ಳಿ. ಒಳಗಿರುವವರು 60 ಕೆ.ಜಿ. ಅವರು ನಿಲ್ಲಬೇಕಾದರೆ 60 × 15 = 900 N·s ಇಂಪಲ್ಸ್ ಬೇಕೇ ಬೇಕು. ಬಲ-ಕಾಲ ಗ್ರಾಫ್‌ನ ಕೆಳಗಿನ ವಿಸ್ತೀರ್ಣ ಅಂದರೆ ಇದೇ.

ಎದೆ ಸ್ಟೀರಿಂಗಿಗೆ ಬಡಿದು 0.01 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 90,000 N. ಕಾರಿನ ಮೂತಿ ನಜ್ಜುಗುಜ್ಜಾಗಿ, ಬೆಲ್ಟು ಮತ್ತು ಏರ್‌ಬ್ಯಾಗ್ ಕೂಡ ಸೇರಿ ನಿಲ್ಲುವ ಸಮಯವನ್ನು 0.1 ಸೆಕೆಂಡಿಗೆ ಎಳೆದರೆ 9,000 N ಮಾತ್ರ. ಗ್ರಾಫ್ ಕುಳ್ಳಗಾಗಿ ಅಗಲವಾಗುತ್ತದೆ, ವಿಸ್ತೀರ್ಣ ಅಷ್ಟೇ ಇರುತ್ತದೆ. ಪರೀಕ್ಷೆಯಲ್ಲಿ ತ್ರಿಕೋನದ ಆಕಾರದ ಗ್ರಾಫ್ ಕೊಟ್ಟರೆ ಹುಷಾರು: ತುದಿಯ ಬಲ ಸರಾಸರಿಯ ಎರಡರಷ್ಟು, ಅಂದರೆ 18,000 N. ಜಾಸ್ತಿ ಜನ ಎಡವುವುದು ಇಲ್ಲೇ.

ಆ 0.1 ಸೆಕೆಂಡ್ ಸುಮ್ನೆ ಸಿಗುವುದಿಲ್ಲ. ಬಲ ಒಂದೇ ಸಮ ಇದ್ದರೂ ಅಷ್ಟರಲ್ಲಿ ದೇಹ 75 ಸೆಂ.ಮೀ. ಮುಂದೆ ಸಾಗಿರುತ್ತದೆ. ಆ ಜಾಗ ಕೊಡುವುದಕ್ಕೇ ಬಾನೆಟ್ ಕುಗ್ಗುವುದು. ಇನ್ನೊಂದು, ಏರ್‌ಬ್ಯಾಗಿಗೆ ಗಾಳಿ ಬಿಡುವ ತೂತುಗಳಿರುತ್ತವೆ. ಇಲ್ಲದಿದ್ದರೆ ತಲೆ ಚೆಂಡಿನ ಹಾಗೆ ವಾಪಸ್ ಪುಟಿಯುತ್ತಿತ್ತು, ಆಗ ಇಂಪಲ್ಸೇ 900 ದಾಟುತ್ತಿತ್ತು.